ಖಾಲಿ ಮಂಚದ ಬಾಡಿಗೆ ಯಾರು ಕಟ್ಟಬೇಕು?

ಜ್ಞಾನಭಾರತಿ ಕ್ಯಾಂಪಸ್ಸಿಗೆ ಹೊಂದಿಕೊಂಡ ಮರಿಯಪ್ಪನಪಾಳ್ಯದಲ್ಲಿ ನನ್ನ ಅಕ್ಕ ಹುಡುಗಿಯರ ಪಿಜಿ ನಡೆಸುತ್ತಾಳೆ. ಎರಡು ಮಹಡಿ, ಎಂಟು ರೂಮು, ಇಪ್ಪತ್ತು ಮಂಚ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎ, ಎಂಎಸ್ಸಿ ಓದುವವರೇ ಹೆಚ್ಚು. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿವರೆಗೆ ಬಂದ ಮೇಲೆ ನೌಕರಿಯವರೂ ಒಂದಿಷ್ಟು ಮಂದಿ ಸೇರಿದ್ದಾರೆ. ನಾನು ಇರುವುದು ಚಳ್ಳಕೆರೆಯಲ್ಲಿ, ಪತ್ರಿಕೆಗೆ ಸ್ಟ್ರಿಂಗರ್. ನಮ್ಮ ಕಡೆಯ ಹುಡುಗಿಯರು ಬೆಂಗಳೂರಿಗೆ ಓದಲು ಹೊರಟರೆ ಮನೆಯವರು ನನ್ನನ್ನು ಕೇಳುತ್ತಾರೆ, ನಾನು ಅಕ್ಕನ ನಂಬರ್ ಕೊಡುತ್ತೇನೆ. ಹಾಗಾಗಿ ದರದ ತಕರಾರು ಎರಡೂ ಕಡೆಯಿಂದ ನನ್ನ ಕಿವಿಗೇ ಬೀಳುತ್ತದೆ.

ಕಳೆದ ವರ್ಷ ಎರಡು ಮಾತು ಒಂದೇ ವಾರದಲ್ಲಿ ಬಂದವು. ಅಕ್ಕ ಫೋನ್ ಮಾಡಿ, "ಮಂಚ ಎಲ್ಲಾ ತುಂಬೇ ಇರ್ತಾವೆ ಕಣೋ, ಆದರೂ ಅಡವಿಟ್ಟ ಸರ ಬಿಡಿಸಿಕೊಳ್ಳೋಕೆ ಆಗ್ತಿಲ್ಲ" ಅಂದಳು. ಆಕೆ ತಿಂಗಳಿಗೆ 6,500 ರೂಪಾಯಿ ತೆಗೆದುಕೊಳ್ಳುತ್ತಿದ್ದಳು. ಎರಡು ದಿನ ಬಿಟ್ಟು ಶೇಂಗಾ ಬೆಳೆಯುವ ಒಬ್ಬರು ಸಂತೆಯಲ್ಲಿ ಸಿಕ್ಕು, "ಏನಪ್ಪಾ, ಹುಡುಗಿ ರಜಕ್ಕೆ ಊರಿಗೆ ಬಂದ್ರೂ ತಿನ್ನದ ಊಟಕ್ಕೆ ದುಡ್ಡು ಕೊಡ್ಬೇಕಾ? ನಿಮ್ಮಕ್ಕಂಗೆ ಒಂದ್ ಮಾತು ಹೇಳು" ಅಂದರು. ಇಬ್ಬರ ಮಾತಲ್ಲೂ ನ್ಯಾಯವಿತ್ತು. ಲೆಕ್ಕ ಎಲ್ಲಿ ತಪ್ಪಿದೆ ಅಂತ ನೋಡಲು ಒಂದು ಭಾನುವಾರ ಅಕ್ಕನ ಪುಸ್ತಕ ಹಿಡಿದು ಕೂತೆ.

ಮೊದಲು ಖರ್ಚನ್ನು ಎರಡು ಪಟ್ಟಿ ಮಾಡಿದೆ. ಮಂಚದ ಮೇಲೆ ಯಾರೂ ಇಲ್ಲದಿದ್ದರೂ ಆಗುವ ಖರ್ಚು ಒಂದು ಕಡೆ, ಆಳು ಇದ್ದರೆ ಮಾತ್ರ ಆಗುವ ಖರ್ಚು ಇನ್ನೊಂದು ಕಡೆ.

ಮೊದಲ ಪಟ್ಟಿಯಲ್ಲಿ ಕಟ್ಟಡದ ಬಾಡಿಗೆ 36,000, ಅಡುಗೆಯವರ ಸಂಬಳ 12,000, ಗುಡಿಸಿ ಒರೆಸುವವರಿಗೆ 5,000, ವೈಫೈ ಮತ್ತು ಸಿಸಿಟಿವಿಗೆ 1,300, ರಿಪೇರಿ ಮತ್ತು ಪರವಾನಗಿಗೆ 1,000. ವಿದ್ಯುತ್ ಬಿಲ್ಲಿನಲ್ಲಿ ಯಾರಿದ್ದರೂ ಇಲ್ಲದಿದ್ದರೂ ಬರುವ ನಿಗದಿತ ಶುಲ್ಕ, ಮೆಟ್ಟಿಲ ದೀಪ, ಫ್ರಿಜ್ಜು, ಮೋಟಾರು ಸೇರಿ 2,500. ಇಷ್ಟು ಅಕ್ಕ ಬರೆದಿಟ್ಟಿದ್ದಳು.

ಆಕೆ ಬರೆಯದ ಮೂರು ಬಾಬ್ತುಗಳಿದ್ದವು. ಮಂಚ, ಹಾಸಿಗೆ, ಗೀಸರ್, ಬೀರು ಎಲ್ಲಕ್ಕೂ 1,80,000 ಹಾಕಿದ್ದಳು. ಅವು ಐದು ವರ್ಷ ಬಾಳಿದರೆ ತಿಂಗಳಿಗೆ 3,000 ಸವೆಯುತ್ತವೆ. ಮನೆ ಮಾಲೀಕರಿಗೆ ಕೊಟ್ಟ ನಾಲ್ಕು ಲಕ್ಷ ಅಡ್ವಾನ್ಸ್ ವಾಪಸ್ ಬರುವ ದುಡ್ಡೇ, ಆದರೆ ಅದು ಒಡವೆ ಸಾಲದಿಂದ ಬಂದದ್ದು. ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ 4,000 ಬಡ್ಡಿ. ಮೂರನೆಯದು ಅಕ್ಕನ ದುಡಿಮೆ. "ನಂಗೇನೋ ಸಂಬಳ, ಮನೆ ಕೆಲಸ ತಾನೆ" ಅಂದಳು. ಬೆಳಗ್ಗೆ ಐದಕ್ಕೆ ಹಾಲು ತೆಗೆದುಕೊಳ್ಳುವುದರಿಂದ ರಾತ್ರಿ ಹತ್ತಕ್ಕೆ ಗೇಟು ಹಾಕುವವರೆಗಿನ ಕೆಲಸಕ್ಕೆ 12,000 ಬರೆದೆ. ಅಡುಗೆಯವರಿಗೆ ಕೊಡುವಷ್ಟೇ. ಒಟ್ಟು ತಿಂಗಳಿಗೆ 76,800, ವರ್ಷಕ್ಕೆ 9,21,600.

ಎರಡನೇ ಪಟ್ಟಿ ತಲೆಗೆ ಇಷ್ಟು ಅಂತ. ತಿಂಡಿ, ಮಧ್ಯಾಹ್ನದ ಡಬ್ಬಿ, ರಾತ್ರಿ ಊಟಕ್ಕೆ ರೇಷನ್ನು, ತರಕಾರಿ, ಹಾಲು ಸೇರಿ ದಿನಕ್ಕೆ 65, ಅಂದರೆ ತಿಂಗಳಿಗೆ 1,950. ಎಲ್ಲರೂ ಇದ್ದಾಗ 19 ಕಿಲೋ ಸಿಲಿಂಡರ್ ತಿಂಗಳಿಗೆ ಮೂರು ಬೇಕು. ಒಂದಕ್ಕೆ 1,800 ಹಿಡಿದರೆ ತಲೆಗೆ 270. ನೀರಿಗೆ, ಬೇಸಿಗೆಯ ಟ್ಯಾಂಕರನ್ನು ವರ್ಷಕ್ಕೆ ಹಂಚಿ, 100.

ಕರೆಂಟನ್ನು ಬಿಲ್ಲು ಭಾಗಿಸು ಇಪ್ಪತ್ತು ಅಂತ ಮಾಡದೆ ಉಪಯೋಗದ ಮೇಲೆ ಲೆಕ್ಕ ಹಾಕಿದೆವು. ಹದಿನೈದು ಲೀಟರ್ ನೀರನ್ನು ಮೂವತ್ತು ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ದಿನಕ್ಕೊಂದು ಸ್ನಾನ ಅಂದರೆ, ಸೋರಿ ಹೋಗುವ ಬಿಸಿಯೂ ಸೇರಿ ತಿಂಗಳಿಗೆ 18 ಯೂನಿಟ್. ಫ್ಯಾನಿನ ಪಾಲು 9, ಲ್ಯಾಪ್‌ಟಾಪು, ಮೊಬೈಲು, ದೀಪ, ಇಸ್ತ್ರಿ ಸೇರಿ 8. ಒಟ್ಟು 35 ಯೂನಿಟ್. ತೆರಿಗೆ, ಸರ್‌ಚಾರ್ಜು ಸೇರಿ ಯೂನಿಟ್ಟಿಗೆ 8 ರೂಪಾಯಿಯಂತೆ 280. ಹೀಗೆ ಆಳು ಇದ್ದರೆ ಮಾತ್ರ ಆಗುವ ಖರ್ಚು ತಿಂಗಳಿಗೆ 2,600.

ಆಮೇಲೆ ಖಾಲಿ ಎಷ್ಟಿತ್ತು ಅಂತ ಎಣಿಸಿದೆ. ಅಕ್ಕ "ಎಲ್ಲಾ ತುಂಬೇ ಇರ್ತಾವೆ" ಅಂದದ್ದು ಕ್ಲಾಸು ನಡೆಯುವ ತಿಂಗಳುಗಳನ್ನು ನೆನೆದು. ಪುಸ್ತಕ ಬೇರೆ ಹೇಳಿತು. ಪರೀಕ್ಷೆ ಮುಗಿದು ರಜ ಬಿದ್ದ, ಕೊನೇ ಸೆಮಿಸ್ಟರಿನವರು ಬಿಟ್ಟುಹೋದ ನಾಲ್ಕು ತಿಂಗಳಲ್ಲಿ ಎಂಟೆಂಟು ಮಂಚ ಖಾಲಿ. ಉಳಿದ ಎಂಟು ತಿಂಗಳಲ್ಲಿ ಎರಡೆರಡು. 32 ಮತ್ತು 16 ಸೇರಿದರೆ 48. ಇಪ್ಪತ್ತು ಮಂಚಕ್ಕೆ ವರ್ಷದಲ್ಲಿ 240 ಮಂಚ-ತಿಂಗಳು. ಅದರಲ್ಲಿ ದುಡ್ಡು ಬಂದದ್ದು 192ಕ್ಕೆ ಮಾತ್ರ.

ದರ ನಿಂತಿರುವುದು ಈ ಭಾಗಾಕಾರದ ಮೇಲೆ. ವರ್ಷದ 9,21,600ನ್ನು 240ರಿಂದ ಭಾಗಿಸಿದರೆ 3,840. ಅದಕ್ಕೆ 2,600 ಸೇರಿಸಿದರೆ 6,440. ಅಕ್ಕನ 6,500 ಇದಕ್ಕೆ ಸರಿಯಾಗಿಯೇ ಇದೆ, ಆದರೆ ಇಪ್ಪತ್ತೂ ಮಂಚ ಹನ್ನೆರಡೂ ತಿಂಗಳು ತುಂಬಿದ್ದರೆ ಮಾತ್ರ. ಅದೇ ಮೊತ್ತವನ್ನು ತುಂಬಿದ 192ರಿಂದ ಭಾಗಿಸಿದರೆ 4,800, ದರ 7,400. ಆಕೆ ಮಂಚಕ್ಕೆ ತಿಂಗಳಿಗೆ 900 ಕಡಿಮೆ ತೆಗೆದುಕೊಳ್ಳುತ್ತಿದ್ದಳು. 192ಕ್ಕೆ ವರ್ಷಕ್ಕೆ 1,72,800. ಆಕೆಯ ದುಡಿಮೆಯ 1,44,000 ಪೂರ್ತಿ ಹೋಗಿ, ಮೇಲೆ 28,800 ಕೈಯಿಂದ ಬಿದ್ದಿತ್ತು. ಸರ ಬ್ಯಾಂಕಿನಲ್ಲೇ ಉಳಿದದ್ದಕ್ಕೆ ಕಾರಣ ಇದು.

ಅಕ್ಕಪಕ್ಕದ ಪಿಜಿಯವರು ಇನ್ನೊಂದು ದಾರಿ ಹೇಳಿದ್ದರು. ಐದರಲ್ಲಿ ಒಂದು ಮಂಚ ಖಾಲಿ ಇರುತ್ತೆ, ಒಟ್ಟು ಖರ್ಚಿಗೆ ಕಾಲು ಭಾಗ ಸೇರಿಸಿಬಿಡಿ ಅಂತ. ಹಾಗೆ ಮಾಡಿದರೆ 6,440 ಹೋಗಿ 8,050 ಆಗುತ್ತದೆ. ನಮ್ಮ ಲೆಕ್ಕಕ್ಕಿಂತ 650 ಹೆಚ್ಚು. ಆ 650 ಯಾವುದಕ್ಕೆ? ಖಾಲಿ ಮಂಚ ತಿನ್ನದ ಅನ್ನಕ್ಕೆ, ಮಾಡದ ಸ್ನಾನಕ್ಕೆ. ಶೇಂಗಾದವರು ಕೇಳಿದ್ದು ಇದನ್ನೇ. ಖಾಲಿ ತಿಂಗಳ ಪಾಲನ್ನು ಬಾಡಿಗೆ, ಸಂಬಳ, ಬಡ್ಡಿಯ ಮೇಲೆ ಹಾಕಬೇಕು. ಊಟ, ಕರೆಂಟಿನ ಮೇಲೆ ಹಾಕಬಾರದು.

ಇದು ನಿಜವಾಗಬೇಕಾದರೆ ಆಳು ಕಡಿಮೆಯಾದಾಗ ಖರ್ಚೂ ಕಡಿಮೆಯಾಗಬೇಕು. ಅದನ್ನು ರಜದ ತಿಂಗಳಲ್ಲೇ ನೋಡಬೇಕು. ಎಂಟು ಜನ ಇಲ್ಲದಿದ್ದರೆ ಮೀಟರಿನಲ್ಲಿ 280 ಯೂನಿಟ್ ಇಳಿಯಬೇಕು. ಅಕ್ಕನ ಬಿಲ್ಲಿನಲ್ಲಿ ನೂರು ಚಿಲ್ಲರೆ ಮಾತ್ರ ಇಳಿದಿತ್ತು. ಹುಡುಕಿದರೆ, ಖಾಲಿ ರೂಮುಗಳ ಗೀಸರ್ ಸ್ವಿಚ್ಚು ಹಗಲೂ ರಾತ್ರಿ ಹಾಕಿಯೇ ಇತ್ತು. ನೀರು ಬಳಸದಿದ್ದರೂ ತಣ್ಣಗಾದಂತೆಲ್ಲ ಅದು ಮತ್ತೆ ಮತ್ತೆ ಕಾಯುತ್ತಿರುತ್ತದೆ. ಅಡುಗೆಮನೆಯಲ್ಲೂ ಅಷ್ಟೇ. ಹನ್ನೆರಡು ಜನರಿಗೆ ಅಡುಗೆಯವರು ಹಳೇ ಅಳತೆಯಲ್ಲೇ ಅಕ್ಕಿ ಹಾಕುತ್ತಿದ್ದರು. ದಿನಕ್ಕೆ 520 ಉಳಿಯಬೇಕಾದ್ದು ಮುಸುರೆಗೆ ಹೋಗುತ್ತಿತ್ತು. ಈಗ ಯಾರು ಊಟಕ್ಕೆ ಇರುತ್ತಾರೆ ಅಂತ ಹಿಂದಿನ ರಾತ್ರಿಯೇ ಬೋರ್ಡಿನಲ್ಲಿ ಬರೆಸುತ್ತಾಳೆ.

7,400 ಲೆಕ್ಕಕ್ಕೆ ಸರಿ, ಆದರೆ ಏರಿಸಿದರೆ ಮಂಚ ಖಾಲಿಯಾಗುವ ಭಯ ಸುಳ್ಳಲ್ಲ. ಸರಾಸರಿ ಇನ್ನೆರಡು ಮಂಚ ಖಾಲಿ ಬಿದ್ದರೆ 192 ಹೋಗಿ 168 ಆಗುತ್ತದೆ. ಆಗ ಬೇಕಾಗುವ ದರ ಸುಮಾರು 8,100. ಅದಕ್ಕೆ ಏರಿಸಿದರೆ ಇನ್ನೂ ಇಬ್ಬರು ಹೋಗುತ್ತಾರೆ. ಮೂರರ ರೂಮಿಗೆ ನಾಲ್ಕನೇ ಮಂಚ ತುರುಕಿ ದರ ಇಳಿಸುವ ದಾರಿಯೂ ಮುಚ್ಚಿದೆ. 2024ರಲ್ಲಿ ಬಿಬಿಎಂಪಿ ಹೊರಡಿಸಿದ ಪಿಜಿ ಮಾರ್ಗಸೂಚಿ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೇಳುತ್ತದೆ. ಉಳಿದದ್ದು ಖಾಲಿ ತಿಂಗಳನ್ನೇ ಕಡಿಮೆ ಮಾಡುವ ದಾರಿ.

ಅದಕ್ಕೆ ಇನ್ನೊಂದು ಲೆಕ್ಕ ಬೇಕಾಯಿತು. ಮಂಚ ಹೇಗೂ ಖಾಲಿ ಬೀಳುವ ತಿಂಗಳಲ್ಲಿ, ಊಟ ಹಾಕಿದರೆ 2,600ರ ಮೇಲೆ ಬಂದದ್ದೆಲ್ಲ ಲಾಭ. ಊಟ ಇಲ್ಲದೆ ಬರೀ ಮಂಚ, ಬೀರು ಕಾಯ್ದಿಟ್ಟರೆ ಬಂದ ಪ್ರತಿ ರೂಪಾಯಿಯೂ ಲಾಭ. ಹೀಗಾಗಿ ವರ್ಷಪೂರ್ತಿ ಇರುತ್ತೇವೆ ಎಂದವರಿಗೆ ಬೇರೆ ದರ ಇಟ್ಟೆವು. ಇರುವ ಹತ್ತು ತಿಂಗಳಿಗೆ 6,900, ಊರಿಗೆ ಹೋದ ಎರಡು ತಿಂಗಳಿಗೆ 2,000 ಮಾತ್ರ. ಊಟದ ಖರ್ಚು ಕಳೆದು ಒಂದು ಮಂಚದಿಂದ ವರ್ಷಕ್ಕೆ 47,000 ಸಿಗುತ್ತದೆ. ಬೇಕಾದದ್ದು 46,080. ಮನೆಯವರು ಕಟ್ಟುವುದು 73,000. ರಜದಲ್ಲೂ ಪೂರ್ತಿ ಕಟ್ಟಿ ಮಂಚ ಉಳಿಸಿಕೊಳ್ಳುವುದಾದರೆ 7,400ರಂತೆ 88,800 ಆಗುತ್ತಿತ್ತು. ಯಾವಾಗ ಬೇಕಾದರೂ ಬಂದು ಹೋಗುವವರಿಗೆ 7,400. ಆರು ಮಂಚ ನೌಕರಿಯವರಿಗೇ ಇಟ್ಟಿದ್ದಾಳೆ, ಅವರಿಗೆ ಸೆಮಿಸ್ಟರ್ ರಜ ಇಲ್ಲ.

ಬಿಡುವಾಗ ಅಡ್ವಾನ್ಸಿನಲ್ಲಿ "ಮೇಂಟೆನೆನ್ಸ್" ಅಂತ ಒಂದಿಷ್ಟು ಹಿಡಿಯುವ ರೂಢಿ ಎಲ್ಲ ಕಡೆ ಇದೆ. ಅದೂ ಬಹುಪಾಲು ಖಾಲಿ ತಿಂಗಳ ದುಡ್ಡೇ, ಹೆಸರು ಮಾತ್ರ ಬೇರೆ. ದರದಲ್ಲಿ ಒಮ್ಮೆ, ಅಡ್ವಾನ್ಸಿನಲ್ಲಿ ಒಮ್ಮೆ ಎರಡು ಸಲ ತೆಗೆದುಕೊಳ್ಳುವುದು ಬೇಡ ಅಂದೆ. ಅಕ್ಕ ಒಪ್ಪಿದಳು. ಏನಾದರೂ ಒಡೆದಿದ್ದರೆ ಮಾತ್ರ ಹಿಡಿಯುತ್ತಾಳೆ.

ಶೇಂಗಾದವರಿಗೆ ಎರಡೂ ಪಟ್ಟಿ ತೋರಿಸಿದೆ. ಮೊದಲು ಹತ್ತು ತಿಂಗಳಿಗೆ 65,000 ಕಟ್ಟಿ, ರಜದಲ್ಲಿ ಗಂಟು ಕಟ್ಟಿಕೊಂಡು ಬರಬೇಕಿತ್ತು, ವಾಪಸ್ ಹೋದಾಗ ಮಂಚ ಸಿಗುತ್ತದೆಂಬ ಗ್ಯಾರಂಟಿ ಇರಲಿಲ್ಲ. ಈಗ ಮಂಚ ಅವಳದ್ದೇ, ಆದರೆ 8,000 ಹೆಚ್ಚು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಬರುತ್ತಿತ್ತು. ಅಕ್ಕನ ಅಡುಗೆಮನೆಯಲ್ಲಿ ರೇಷನ್ನಿಗೇ 1,950 ಬೀಳುವಾಗ, ಆ ದುಡ್ಡು ಊಟದ ಸಾಮಾನಿಗೂ ಸಾಲುತ್ತಿರಲಿಲ್ಲ. ಅವರು ಪಟ್ಟಿಯನ್ನು ಎರಡು ಸಲ ಓದಿಸಿಕೊಂಡರು. "ಊಟದ್ದು ಸರಿ ಇದೆ, ಬಾಡಿಗೆಗೆ ನೀವಾದ್ರೂ ಏನ್ ಮಾಡ್ತೀರಾ" ಅಂದರು. ಮಗಳು ಅಲ್ಲೇ ಇದ್ದಾಳೆ. ಹಾಸ್ಟೆಲ್ಲಿಗೂ ಅರ್ಜಿ ಹಾಕಿದ್ದಾಳೆ. ಸೀಟು ಬಂದರೆ ಅಕ್ಕನ ಪುಸ್ತಕದಲ್ಲಿ ಇನ್ನೊಂದು ಮಂಚ ಖಾಲಿ ಅಂತ ಬರೆಯಬೇಕಾಗುತ್ತದೆ. ಅರ್ಜಿ ತುಂಬಿಕೊಟ್ಟವಳು ಅಕ್ಕನೇ.