ಮುದಿನಾಯಿಯ ಉಸಿರು

ಭದ್ರಾವತಿಯ ನಮ್ಮ ಮನೆಯಲ್ಲಿ ಭೀಮನೆಂಬ ಲ್ಯಾಬ್ರಡಾರ್ ಜಾತಿಯ ನಾಯಿಯುಂಟು. ವಯಸ್ಸು ಹನ್ನೆರಡು, ತೂಕ ೩೬ ಕಿಲೋ. ಕಳೆದ ವರ್ಷ ಅದರ ಗಡಸು ಬೊಗಳಿಕೆಯು ಒಡೆದ ಕೊಳವೆಯ ದನಿಯಂತಾಯಿತು. ಬಳಿಕ ನೀರು ಕುಡಿದೊಡನೆ ಕೆಮ್ಮು. ಆಮೇಲೆ ಉಸಿರೆಳೆಯುವಾಗಲೆಲ್ಲ ಗರಗಸ ಎಳೆದಂತಹ ಶಬ್ದ. ನೆರೆಮನೆಯ ಹಿರಿಯರು, "ಮುಪ್ಪು ಸ್ವಾಮಿ, ನಮಗೂ ಗೊರಕೆ ಬರುವುದಿಲ್ಲವೆ?" ಎಂದು ನಕ್ಕರು. ಆದರೆ ಗೊರಕೆಯು ನಿದ್ರೆಯದು. ಇದಾದರೋ ಎಚ್ಚರದಲ್ಲಿ, ನಾಲ್ಕು ಹೆಜ್ಜೆ ನಡೆದೊಡನೆ, ಅದೂ ಗಾಳಿಯನ್ನು ಒಳಗೆಳೆದುಕೊಳ್ಳುವಾಗಲೇ ಕೇಳಿಬರುತ್ತಿತ್ತು.

ಬೆಳಗಿನ ತಂಪಿನಲ್ಲಿಯೇ ಹೊರಟು, ಶಿವಮೊಗ್ಗೆಯ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಅದನ್ನು ಕರೆದೊಯ್ದೆವು. ಗಂಟಲನ್ನು ನೋಡಬೇಕಾದರೆ ಹಗುರವಾಗಿ ಮತ್ತು ಬರಿಸಬೇಕಂತೆ. ಮತ್ತು ಗಾಢವಾದರೆ ಆರೋಗ್ಯವಂತ ನಾಯಿಯ ಗಂಟಲೂ ಅಲುಗದೆ ನಿಲ್ಲುವುದರಿಂದ ಪರೀಕ್ಷೆಯೇ ಸುಳ್ಳಾದೀತು. ಒಬ್ಬರು ಎದೆಯನ್ನು ನೋಡುತ್ತ, ಉಸಿರು ಒಳಗೆ ಹೋದಾಗಲೆಲ್ಲ "ಈಗ" ಎಂದು ಕೂಗುತ್ತಿದ್ದರು. ಇನ್ನೊಬ್ಬರು ದೀಪ ಹಿಡಿದು ಧ್ವನಿಪೆಟ್ಟಿಗೆಯನ್ನು ನೋಡುತ್ತಿದ್ದರು. ಅಲ್ಲಿ ಎರಡು ಪುಟ್ಟ ಮೃದ್ವಸ್ಥಿಗಳು ಬಾಗಿಲ ಕದಗಳಂತೆ ಇವೆ. "ಈಗ" ಎಂದಾಗ ಅವು ಅಗಲವಾಗಿ ತೆರೆಯಬೇಕು. ಭೀಮನ ಕದಗಳು ತೆರೆಯುವುದಿರಲಿ, ಗಾಳಿಯ ಸೆಳೆತಕ್ಕೆ ಒಳಕ್ಕೇ ಬಾಗುತ್ತಿದ್ದುವು. ಹೊರಬರುವ ಉಸಿರು ಅವನ್ನು ತಳ್ಳಿ ಅಲುಗಿಸುವುದುಂಟು. ಅದನ್ನು ಕದ ತೆರೆಯಿತೆಂದು ಎಣಿಸದಿರುವುದಕ್ಕಾಗಿಯೇ ಆ ಕೂಗು.

ಕದಗಳನ್ನು ತೆರೆಯುವ ನರದ ಹಾದಿ ವಿಚಿತ್ರವಾದುದು. ಅದು ತಲೆಯಿಂದ ಎದೆಯವರೆಗೆ ಇಳಿದು, ಅಲ್ಲಿ ದೊಡ್ಡ ರಕ್ತನಾಳವೊಂದನ್ನು ಬಳಸಿ, ಮತ್ತೆ ಗಂಟಲಿಗೆ ಏರುತ್ತದೆ. ದೊಡ್ಡ ಜಾತಿಯ ಮುದಿನಾಯಿಗಳಲ್ಲಿ ಇಂತಹ ಉದ್ದನೆಯ ನರಗಳೇ ಮೊದಲು ಸೊರಗುವುವು. ಹಿಂಗಾಲಿನ ನರಗಳೂ ಉದ್ದನೆಯವೇ. ವೈದ್ಯರು ಭೀಮನ ಹಿಂಗಾಲ ಉಗುರುಗಳು ಸವೆದಿರುವುದನ್ನು ತೋರಿಸಿ, "ಇದೂ ಅದೇ ರೋಗ, ರಾಯರೆ" ಎಂದರು.

ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ನಾಲಗೆ ಚಾಚಿ ತೇಕುವುದರಿಂದಲೇ ಅದರ ಮೈ ತಣಿಯಬೇಕು. ಬಾಗಿಲು ಕಿರಿದಾದ ನಾಯಿ ತೇಕಿದಷ್ಟೂ ಗಾಳಿಯ ಸೆಳೆತ ಹೆಚ್ಚಿ, ಗಂಟಲು ಊದಿಕೊಂಡು, ದಾರಿ ಇನ್ನೂ ಕಿರಿದಾಗುತ್ತದೆ. ಮೈ ಕಾಯುತ್ತದೆ, ಕಾದಷ್ಟೂ ಮತ್ತೆ ತೇಕು. ಮಾರ್ಚಿಯ ಒಂದು ಮಧ್ಯಾಹ್ನ, ಅಂಗಳಕ್ಕೆ ಬಂದ ಬೆಕ್ಕನ್ನು ಅಟ್ಟಿದ್ದೇ ನೆಪವಾಗಿ, ಭೀಮನ ನಾಲಗೆ ನೀಲಿಗಟ್ಟಿತು. ನೆರಳಿಗೆ ತಂದು, ತುಪ್ಪಳದಡಿಯ ಚರ್ಮಕ್ಕೆ ತಾಕುವಂತೆ ನಲ್ಲಿಯ ನೀರು ಸುರಿದು, ಬೀಸಣಿಗೆ ಹಾಕಿದೆವು. ಬಾಯಿಗೆ ನೀರು ಹೊಯ್ಯಲಿಲ್ಲ. ಅದು ಶ್ವಾಸಕೋಶಕ್ಕೆ ಇಳಿದೀತು. ಊರಿನ ವೈದ್ಯರು ಬಂದು, ಗಾಬರಿ ಇಳಿಯಲು ಶಮನದ ಚುಚ್ಚುಮದ್ದನ್ನೂ ಗಂಟಲಿನ ಊತಕ್ಕೆ ಇನ್ನೊಂದನ್ನೂ ಕೊಟ್ಟರು. ಜ್ವರಮಾಪಕವು ೩೯.೫ ಡಿಗ್ರಿಗೆ ಇಳಿದೊಡನೆ ನೀರು ನಿಲ್ಲಿಸಿರೆಂದರು. ಮುಂದೆಯೂ ಸುರಿದರೆ ಮೈ ಅತಿಯಾಗಿ ತಣ್ಣಗಾಗುವುದಂತೆ.

ಉಳಿದುದು ಶಸ್ತ್ರಚಿಕಿತ್ಸೆಯ ಮಾತು. ಒಂದೇ ಕದವನ್ನು, ಸಾಮಾನ್ಯವಾಗಿ ಎಡಗಡೆಯದನ್ನು, ಪಕ್ಕಕ್ಕೆಳೆದು ಹೊಲಿಗೆಯಿಂದ ಶಾಶ್ವತವಾಗಿ ತೆರೆದಿಡುತ್ತಾರೆ. ಎರಡನ್ನೂ ತೆರೆದಿಟ್ಟರೆ ಉಸಿರಿಗೆ ಇನ್ನೂ ಸಲೀಸಲ್ಲವೆ ಎಂದು ಕೇಳಿದೆ. ಅನ್ನನೀರು ಉಸಿರ್ನಾಳಕ್ಕೆ ಬೀಳದಂತೆ ಕಾಯುವುದೂ ಆ ಕದಗಳೇ ಎಂದು ಉತ್ತರ ಬಂತು. ಒಂದನ್ನು ತೆರೆದಿಟ್ಟರೂ ಆ ಕಾವಲು ಜೀವಮಾನವಿಡೀ ಅರ್ಧವೇ. ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಹೆಚ್ಚುಕಡಮೆ ಐದರಲ್ಲೊಂದಕ್ಕೆ ಎಂದಾದರೂ ನ್ಯುಮೋನಿಯಾ ತಗಲುವುದುಂಟು. ಅನ್ನನಾಳ ಮೊದಲೇ ಸಡಿಲಗೊಂಡು ಹಿಗ್ಗಿದ್ದರೆ ಈ ಚಿಕಿತ್ಸೆಯೇ ಸಲ್ಲದು. ಅದಕ್ಕಾಗಿ ಎದೆಯ ಎಕ್ಸರೇ ತೆಗೆಸಿದರು; ಭೀಮನ ಅನ್ನನಾಳವೂ ಶ್ವಾಸಕೋಶವೂ ನೆಟ್ಟಗಿದ್ದುವು.

"ಈ ಪ್ರಾಯದಲ್ಲಿ ಕತ್ತರಿ ಬೇಡ ಅಂದ್ರೆ, ತಣ್ಣಗಿಟ್ಟು ನೋಡಿಕೊಳ್ಳೋಣ" ಎಂದಳು ನನ್ನಾಕೆ. ಅವಳ ಮಾತಿನಲ್ಲಿ ಹುರುಳಿತ್ತು. ರೋಗ ಎಳೆಯದಾಗಿದ್ದರೆ ತೂಕ ಇಳಿಸಿ, ಕೊರಳಪಟ್ಟಿ ಬಿಟ್ಟು ಎದೆಪಟ್ಟಿ ತೊಡಿಸಿ, ನಸುಕಿನಲ್ಲಷ್ಟೇ ನಡೆಸಿ ಬಹುಕಾಲ ಸಾಗಿಸಬಹುದು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ತಂಪಿನಲ್ಲಿ ಸುಮ್ಮನೆ ಮಲಗಿರುವಾಗಲೂ ಶಬ್ದವಿದೆಯೆ?" ಆ ರಾತ್ರಿ ಇಬ್ಬರೂ ದೀಪವಾರಿಸಿ ಕುಳಿತು ಕೇಳಿದೆವು. ಶಬ್ದವಿತ್ತು. ಏಪ್ರಿಲ್ ಇನ್ನೂ ಮುಂದಿತ್ತು. ಬೆಳಗಾಗುವಷ್ಟರಲ್ಲಿ ಅವಳೇ, "ಮಾಡಿಸಿಬಿಡಿ" ಎಂದಳು.

ಈ ಕೈಕೆಲಸವನ್ನು ಹಲವು ಬಾರಿ ಮಾಡಿ ಪಳಗಿದ ಶಸ್ತ್ರವೈದ್ಯರನ್ನು ವಿಚಾರಿಸಿ ಮಾಡಿಸಿದೆವು. ಗರಗಸದ ಸದ್ದು ಆ ವಾರವೇ ಅಡಗಿತು, ಬೇಸಿಗೆಯೂ ಕಳೆಯಿತು. ಬೊಗಳಿಕೆ ಮಾತ್ರ ಮರಳಲಿಲ್ಲ, ಮರಳುವುದೂ ಇಲ್ಲ. ಈಗ ಅನ್ನಕ್ಕೆ ಮಾಂಸ ಕಲಸಿ ನಿಂಬೆಗಾತ್ರದ ಉಂಡೆ ಕಟ್ಟಿ ಒಂದೊಂದಾಗಿ ಕೊಡುತ್ತೇವೆ. ಪುಡಿಯೂ ಗಂಜಿಯೂ ವರ್ಜ್ಯ. ಕೆರೆ, ಹೊಳೆಗಳಲ್ಲಿ ಈಜುವುದಂತೂ ಇನ್ನಿಲ್ಲ. ಅದು ಮಲಗಿದಾಗ ಗಡಿಯಾರ ಹಿಡಿದು ನಿಮಿಷದ ಉಸಿರನ್ನು ಎಣಿಸುವ ಕೆಲಸ ನನ್ನಾಕೆಯದು. ಮೂವತ್ತು ದಾಟಿದರೆ, ಕೂಡ ಕೆಮ್ಮೋ ಜ್ವರವೋ ಇದ್ದರೆ, ಆ ದಿನವೇ ವೈದ್ಯರಲ್ಲಿಗೆ. ಹಿಂಗಾಲಿನ ಸೋಲಿಗೆ ಹೊಲಿಗೆಯಿಂದ ಉಪಯೋಗವಿಲ್ಲ. ನುಣುಪಾದ ನೆಲದ ಮೇಲೆ ಚಾಪೆಗಳನ್ನು ಹಾಸಿದ್ದೇವೆ; ಅವುಗಳ ನಡುವೆ ನೆಲ ಬರಿದಾಗಿರುವಲ್ಲಿ ಉಗುರು ಗೀರುವ ಸಪ್ಪಳ ಕೇಳುತ್ತದೆ.