ಬಚ್ಚಲ ಬಾಗಿಲು ಯಾರು ಮುಚ್ಚಿದ್ರೋ?

ನಮ್ಮ ಹಳೇ ಮನೆ ಕೆಡವಿದ್ದು 2022ರಲ್ಲಿ. ಅರಸೀಕೆರೆ ಕಡೆಯ ಹಳ್ಳಿ, ಮಣ್ಣಿನ ಗೋಡೆಯ ತೊಟ್ಟಿ ಮನೆ. ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಬೆಂಗಳೂರಲ್ಲಿ ಆಫೀಸ್ ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಒತ್ತಿ ಮಾತಾಡಿದೆ. "ಹಿಂದಿನ ಗೋಡೆ ಬಿರುಕು ಬಿಟ್ಟಿದೆ ಕಣಪ್ಪ, ಈ ಮಳೆಗಾಲ ತಡೆಯಲ್ಲ. ಕೆಡವಿ ಆರ್‌ಸಿಸಿ ಹಾಕಿಸೋಣ ಅಂತಿದೀವಿ, ನೀನೇನಂತೀಯ?" ಅಂದ್ರು. "ಹೂಂ ಚಿಕ್ಕಪ್ಪ, ಕೆಡವಿಬಿಡಿ" ಅಂದೆ. ಒಂದು ನಿಮಿಷದ ಮಾತು. ಹಿಂದಿನಿಂದ ಅಜ್ಜಿ "ಒಂದ್ಸಲ ಬಂದು ನೋಡ್ಕೊಂಡು ಹೋಗಕ್ಕೆ ಹೇಳು" ಅಂದಿದ್ದು ನನಗೂ ಕೇಳಿಸಿತ್ತು. ಹೋಗಲಿಲ್ಲ. ಹೆಂಚು ಇಳಿಸಿ, ತೊಲೆ ಕಂಬ ಎಲ್ಲ ಮಾರಿದ ಮೇಲೆ ಉಳಿದ ಗೋಡೆಗಳನ್ನ ಜೆಸಿಬಿ ಅರ್ಧ ದಿನದಲ್ಲಿ ಮಲಗಿಸಿತು. ವಿಡಿಯೋ ವಾಟ್ಸಾಪ್‌ಗೆ ಬಂತು. ಅದನ್ನೂ ಪೂರ್ತಿ ನೋಡಲಿಲ್ಲ.

ಈಗ ಆ ಮನೆ ಬಗ್ಗೆ ಬರೀತಿರೋದು ಹಳೇ ದಿನಗಳ ಗುಂಗಿನಿಂದಲ್ಲ. ಅಜ್ಜಿಯ ದೆಸೆಯಿಂದ.

ಹೊಸ ಮನೆಗೆ ಬಂದು ವರ್ಷ ಕಳೆಯೋದ್ರೊಳಗೆ ಅಜ್ಜಿಗೆ ಮರೆವು ಹೆಚ್ಚಾಯ್ತು. ಹಗಲು ಹೇಗೋ ನಡೀತಿತ್ತು. ತೊಂದರೆ ರಾತ್ರಿ. ಎರಡು ಗಂಟೆ ಹೊತ್ತಿಗೆ ಎದ್ದು, ರೂಮಿನೊಳಗೇ ಇರುವ ಬಾತ್‌ರೂಮ್ ಬಿಟ್ಟು, ಹಾಲ್‌ಗೆ ಬಂದು ಟಿವಿ ಶೋಕೇಸ್ ಇರೋ ಗೋಡೆ ತಡವುತ್ತಾ ನಿಲ್ಲೋರು. ಕೇಳಿದ್ರೆ ಒಂದೇ ಮಾತು, "ಬಚ್ಚಲ ಬಾಗ್ಲು ಯಾರ್ ಮುಚ್ಚಿದ್ರೋ?" ಎರಡು ಸಲ ಅಲ್ಲೇ ಬಟ್ಟೆ ಒದ್ದೆಯಾಯ್ತು. ಒಮ್ಮೆ ಬಿದ್ದು ಮಣಿಕಟ್ಟು ಊದಿತು. ಚಿಕ್ಕಮ್ಮ ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋಗೋರು. ಮರೆವಿನ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಬಹಳ ದಿನ ಉಳಿಯುತ್ತೆ ಅಂತ ಡಾಕ್ಟರ್ ಹೇಳಿದ್ರು. ಹಾಗಾದ್ರೆ ಅಜ್ಜಿ ದಾರಿ ತಪ್ತಾ ಇಲ್ಲ, ಸರಿಯಾದ ದಾರಿಯಲ್ಲೇ ಹೋಗ್ತಿದಾರೆ, ಆ ಮನೆ ಮಾತ್ರ ಇಲ್ಲ ಅನ್ನಿಸಿತು. ಆ ದಾರಿ ಯಾವುದು ಅಂತ ಗೊತ್ತಾಗಬೇಕಾದ್ರೆ ಹಳೇ ಮನೆಯ ನಕ್ಷೆ ಬೇಕು. ಅದು ಯಾರ ಹತ್ರವೂ ಇರಲಿಲ್ಲ.

ಒಂದು ಭಾನುವಾರ ಕೂತು ನೆನಪಿನಿಂದ ಬರೆದೆ. ಜಗಲಿ, ತಲೆಬಾಗಿಲು, ನಡುಮನೆ, ಮಧ್ಯೆ ಆಕಾಶ ಕಾಣೋ ತೊಟ್ಟಿ, ಅಡುಗೆಮನೆ, ಹಂಡೆ ಹೂತಿದ್ದ ಬಚ್ಚಲು, ಹಿತ್ತಲ ಬಾಗಿಲು. ಬರೆದಾದ ಮೇಲೆ ನೋಡಿದ್ರೆ ಅರಮನೆ! ಉದ್ದಕ್ಕೆ ಏಳು ಅಂಕಣ. ಅಂಕಣ ಅಂದ್ರೆ ಎರಡು ಕಂಬಗಳ ನಡುವಿನ ಜಾಗ. ನಮ್ಮ ಕಡೆ ಮನೆ ಅಳತೆ ಹೇಳ್ತಿದ್ದಿದ್ದೇ ಅದರಲ್ಲಿ. ಚಿಕ್ಕಪ್ಪ ಮಾತ್ರ "ಐದೇ ಅಂಕಣ ಕಣೋ" ಅಂದ್ರು.

ಯಾರು ಸರಿ ಅಂತ ನೋಡೋಕೆ ಗೂಗಲ್ ಅರ್ತ್ ತೆಗೆದೆ. ಅದರಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರಗಳನ್ನ ಹಿಂದಕ್ಕೆ ಸರಿಸಿ ನೋಡಬಹುದು. 2019ರ ಚಿತ್ರದಲ್ಲಿ ಸಿಕ್ಕಿಬಿಡ್ತು. ಕಂದು ಬಣ್ಣದ ಹೆಂಚಿನ ಚೌಕ, ನಡುವೆ ತೊಟ್ಟಿಯ ಕಪ್ಪು ಚುಕ್ಕೆ. ತುಂಬಾ ಹೊತ್ತು ಮೌಸ್ ಮುಟ್ಟದೆ ಹಾಗೇ ಕೂತಿದ್ದೆ.

ಆಮೇಲೆ ಅಳತೆಪಟ್ಟಿ ಎಳೆದೆ. ಸೂರಿನಿಂದ ಸೂರಿಗೆ 47 ಅಡಿ. ಆದರೆ ಮೇಲಿಂದ ಕಾಣೋದು ಛಾವಣಿ, ಗೋಡೆ ಅಲ್ಲ. ಸೂರು ಎರಡೂ ಕಡೆ ಎರಡೆರಡು ಅಡಿ ಚಾಚಿತ್ತು, ಅದನ್ನ ಕಳೆದ್ರೆ 43. ಮಣ್ಣಿನ ಗೋಡೆ ಒಂದೊಂದೂ ಒಂದೂವರೆ ಅಡಿ ದಪ್ಪ, ಎರಡು ಗೋಡೆ ಕಳೆದ್ರೆ ಒಳಗೆ 40. ನಮ್ಮ ಮನೆಯ ಅಂಕಣ ಸುಮಾರು ಎಂಟು ಅಡಿ. ಅಲ್ಲಿಗೆ ಐದೇ ಅಂಕಣ. ಚಿಕ್ಕಪ್ಪ ಗೆದ್ರು. ನಾನು ಆರು ವರ್ಷದ ಹುಡುಗನ ಕಾಲಲ್ಲಿ ಅಳೆದಿದ್ದೆ. ಒಂದು ಎಚ್ಚರ. ಈ ಚಿತ್ರಗಳು ಒಂದು ವರ್ಷದ್ದಕ್ಕೂ ಇನ್ನೊಂದು ವರ್ಷದ್ದಕ್ಕೂ ಕೆಲವು ಅಡಿ ಆಚೀಚೆ ಸರಿದಿರ್ತವೆ. ಹಳೇದರ ಮೇಲೆ ಹೊಸ ಮನೆ ಕೂರಿಸುವಾಗ ಕದಲದ ಗುರುತು ಒಂದು ಬೇಕು. ನನಗೆ ಹಿತ್ತಲ ಬಾವಿಕಟ್ಟೆ ಸಿಕ್ತು.

ಹೊರಗಿನ ಅಳತೆ ಸಿಕ್ಕರೂ ಒಳಗಿನದ್ದು ಜನರ ನೆನಪಿನಲ್ಲೇ ಇತ್ತು. ಇಲ್ಲಿ ಮೊದಲು ತಪ್ಪು ಮಾಡಿದೆ. ನನ್ನ ಚಿತ್ರ ಅಕ್ಕನಿಗೆ ಕಳಿಸಿ "ಸರಿಯಿದೆಯಾ ನೋಡೇ" ಅಂದೆ. "ಹೂಂ, ಸರಿಯಿದೆ" ಅಂದ್ಳು. ಮುಂದಿಟ್ಟಿದ್ದನ್ನ ನೋಡಿದ ಮೇಲೆ ಎಲ್ಲರಿಗೂ ಅದೇ ನೆನಪಾಗುತ್ತೆ. ಆಮೇಲೆ ಚಿಕ್ಕಪ್ಪ, ಅತ್ತೆ, ದೊಡ್ಡಪ್ಪನ ಮಗ ಮೂವರಿಗೂ ನನ್ನದನ್ನ ತೋರಿಸದೆ, ಬೇರೆ ಬೇರೆಯಾಗಿ ಬರೆಸಿದೆ. ಮೂವರೂ ಒಪ್ಪಿದ್ದನ್ನ ಇಟ್ಕೊಂಡೆ, ಒಪ್ಪದ್ದಕ್ಕೆ ಫೋನ್ ಮಾಡಿದೆ. ನಾನು ಆಣೆ ಮಾಡಿ ಹೇಳ್ತಿದ್ದ ನಡುಮನೆಯ ನೀಲಿ ಕಿಟಕಿ ಯಾರ ಚಿತ್ರದಲ್ಲೂ ಇರಲಿಲ್ಲ. ಅದು ಅತ್ತೆ ಮನೆಯದ್ದಂತೆ!

ಅಜ್ಜಿ ಮಂಚದ ವಿಷಯ ಹೇಳಿದ್ದು ಅತ್ತೆ. "ಅವ್ವ ಮಂಚದ ಎಡಗಡೆಯಿಂದಾನೇ ಇಳಿಯೋದು. ತೊಟ್ಟಿ ಪಕ್ಕದಲ್ಲೇ ನೇರ ಹೋಗಿ, ಮೂಲೆ ಕಂಬ ಹಿಡ್ಕೊಂಡು ಬಲಕ್ಕೆ ತಿರುಗಿದ್ರೆ ಬಚ್ಚಲು. ಕರೆಂಟ್ ಇಲ್ದಾಗ್ಲೂ ದೀಪ ಹಚ್ತಿರಲಿಲ್ಲ." ನಕ್ಷೆ ಮೇಲೆ ಅಳೆದೆ. ಅಜ್ಜಿಯ ಹೆಜ್ಜೆಯಲ್ಲಿ ಮಂಚದಿಂದ ಕಂಬಕ್ಕೆ ಒಂಬತ್ತು, ಕಂಬದಿಂದ ಬಚ್ಚಲಿಗೆ ನಾಲ್ಕು.

ಹೊಸ ರೂಮಿನಲ್ಲಿ ಮಂಚದ ಎಡಕ್ಕೆ ಗೋಡೆ, ಬಾತ್‌ರೂಮ್ ತಲೆಯ ಹಿಂದೆ. ಅಜ್ಜಿ ಬಲಕ್ಕಿಳಿದು ನೇರ ನಡೆದ್ರೆ ಹಾಲ್, ಆಮೇಲೆ ಶೋಕೇಸ್. ಮದುವೆಯಾಗಿ ಬಂದಾಗಿನಿಂದ ನಡೆದ ಹದಿಮೂರು ಹೆಜ್ಜೆ ಹುಡುಕಿ ಹುಡುಕಿ ಅಲ್ಲಿ ಮುಗೀತಿದ್ವು.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ನಾನು ಸೇರಿ ಮಂಚವನ್ನ ಹಾಲ್‌ನ ಮೂಲೆಗೆ ತಂದು ಹಾಕಿದ್ವಿ. ಎಡಕ್ಕಿಳಿದು ನೇರ ನಡೆದು, ಬಲಕ್ಕೆ ತಿರುಗಿದ್ರೆ ಎಲ್ಲರೂ ಬಳಸೋ ಬಾತ್‌ರೂಮ್ ಸಿಗೋ ಹಾಗೆ. ಒಂಬತ್ತು ಹೆಜ್ಜೆ ಆಗಲಿಲ್ಲ, ಏಳಕ್ಕೇ ತಿರುವು ಬಂತು. ಅಲ್ಲಿ ಕೈಗೆ ಏನಾದ್ರೂ ಸಿಗಲಿ ಅಂತ ಸ್ಟೀಲ್ ಹಿಡಿಕೆಯೊಂದನ್ನ ನೆಟ್ಟಗೆ ಕೂರಿಸಿದ್ವಿ. ಬಾತ್‌ರೂಮ್ ಬಾಗಿಲು ತೆರೆದೇ ಇಟ್ವಿ.

ಆ ರಾತ್ರಿ ನಾನು ಸೋಫಾ ಮೇಲೆ ಎಚ್ಚರವಾಗೇ ಇದ್ದೆ. ಅಜ್ಜಿ ಎದ್ರು. ಎಡಕ್ಕಿಳಿದ್ರು. ಕಾಲೆಳೆಯುತ್ತಾ ನೇರ ಬಂದು ಕತ್ತಲಲ್ಲೇ ಕೈ ಚಾಚಿದ್ರು, ಹಿಡಿಕೆ ಸಿಕ್ತು. ಒಂದು ಕ್ಷಣ ನಿಂತು "ಕಂಬ ಯಾಕೋ ತಣ್ಣಗದೆ" ಅಂತ ತಮಗೆ ತಾವೇ ಅಂದ್ಕೊಂಡು, ಬಲಕ್ಕೆ ತಿರುಗಿ ಒಳಗೆ ಹೋದ್ರು.

ಎಲ್ಲ ರಾತ್ರಿಯೂ ಹೀಗಾಗಲ್ಲ. ವಾರದಲ್ಲಿ ಎರಡು ದಿನ ಈಗಲೂ ಶೋಕೇಸ್ ಮುಂದೆ ನಿಲ್ತಾರಂತೆ. ಇನ್ನು ಕೆಲವು ತಿಂಗಳಲ್ಲಿ ಈ ದಾರಿಯೂ ಮರೆತುಹೋಗಬಹುದು. ಆದರೂ ಚಿಕ್ಕಮ್ಮನಿಗೆ ಉಳಿದ ಐದು ರಾತ್ರಿ ನಿದ್ದೆ ಸಿಕ್ತಿದೆ.

ಮಾರನೇ ದಿನ ನಕ್ಷೆಯನ್ನ ಅಜ್ಜಿ ಮುಂದೆ ಬಿಡಿಸಿದೆ. ಅದು ಮನೆ ಅಂತ ಅವರಿಗೆ ಗೊತ್ತಾಗಲಿಲ್ಲ, ಬರೀ ಗೆರೆ. ನಾನೇ ಅವರ ಬೆರಳು ಹಿಡಿದು ಜಗಲಿಯಿಂದ ಶುರು ಮಾಡಿ ಒಂದೊಂದೇ ಜಾಗ ಹೇಳ್ತಾ ಹೋದೆ. ಬಚ್ಚಲು ಬಂದಾಗ ಅಜ್ಜಿ "ಒಲೆಗೆ ತೆಂಗಿನ ಮಟ್ಟೆ ಹಾಕಿದೀಯೇನೋ ಮಗ, ನೀರು ಕಾದಿರಬೇಕಲ್ಲ?" ಅಂದ್ರು.

"ಹಾಕಿದೀನಿ ಅಜ್ಜಿ" ಅಂದೆ. ಕೆಡವುವ ಮುಂಚೆ ಒಂದ್ಸಲ ಹೋಗಿ ನೋಡಲಿಲ್ಲವಲ್ಲ, ಅದಕ್ಕೆ ಈಗ ನನ್ನಿಂದಾಗಿದ್ದು ಇಷ್ಟೇ.