ನಾಲ್ಕು ಸಾಲಿನಲ್ಲಿ ಎರಡು ದೇಶ

ನಮ್ಮ ಬಡಾವಣೆಯ ರಾಜ್ಯೋತ್ಸವದ ಆಮಂತ್ರಣ ಇಂಗ್ಲಿಷಿನಲ್ಲೂ ಹೋಗಬೇಕೆಂದು ತೀರ್ಮಾನವಾಯಿತು. ಕನ್ನಡದ ಹಬ್ಬಕ್ಕೆ ಇಂಗ್ಲಿಷ್ ಯಾಕ್ರೀ ಎಂದು ನಾನು ಗೊಣಗಿದ್ದಕ್ಕೋ ಏನೋ, ಬರೆಯುವ ಕೆಲಸ ನನ್ನ ತಲೆಗೇ ಬಿತ್ತು. ಒಂದಷ್ಟು ನಾನು ಬರೆದೆ. ಉಳಿದದ್ದನ್ನು ಎದುರು ಮನೆಯ ಹುಡುಗ ತನ್ನ ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ. ಅವನು ಹಗಲಿಡೀ ಅಮೆರಿಕದ ಕಂಪನಿಗೆ ದುಡಿಯುವವನು. ಎರಡನ್ನೂ ಅಂಟಿಸಿದಾಗ ಹೀಗಾಯಿತು:

```
The colour theme is yellow and red.
We will organize games in the community center.
Kindly enrol by Friday and pay by cheque.
The program starts at 6.
```

ಗುಂಪಿಗೆ ಹಾಕುವ ಮೊದಲು ಮೂರನೇ ಕ್ರಾಸಿನ ಮೇಷ್ಟ್ರಿಗೆ ತೋರಿಸಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಫೋನನ್ನು ಮಾರುದೂರ ಹಿಡಿದು ಓದಿದರು.

"ಸ್ಪೆಲಿಂಗ್ ತಪ್ಪಿದೆಯಾ ಸಾರ್?"

"ಒಂದೊಂದೇ ಪದ ನೋಡಿದರೆ ಎಲ್ಲ ಸರಿಯೇ ಕಣಯ್ಯಾ. ಒಟ್ಟಿಗೆ ಓದಿದರೆ, ಬೆಳಿಗ್ಗೆ ಲಂಡನ್ನಿನಲ್ಲಿ ಹಲ್ಲುಜ್ಜಿ ನ್ಯೂಯಾರ್ಕಿನಲ್ಲಿ ಬಾಯಿ ಮುಕ್ಕಳಿಸಿದ ಹಾಗಿದೆ."

ಆಮೇಲೆ ಲೆಕ್ಕ ಹಾಕಿಸಿದರು. ಕಲರ್‌ನಲ್ಲಿ ಯು ಇದೆ, ಎನ್ರೋಲ್‌ನಲ್ಲಿ ಎಲ್ ಒಂದೇ, ಚೆಕ್ಕಿನ ಕೊನೆಗೆ ಕ್ಯೂ-ಯು-ಇ ಇದೆ. ಈ ಮೂರೂ ಬ್ರಿಟಿಷ್. ಸೆಂಟರ್ ಮತ್ತು ಪ್ರೋಗ್ರಾಂ ಅಮೆರಿಕನ್. ಆರ್ಗನೈಜ಼್ ಮಾತ್ರ ಯಾವ ಕಡೆಗೆಂದು ಪಂಚಾಯಿತಿ ಆಗಬೇಕು.

ಈ ಜಗಳ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಕಲರ್‌ನ ಯು ಉಳಿಸಿಕೊಂಡ. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ದೊಡ್ಡ ನಿಘಂಟಿನಲ್ಲಿ ಅದನ್ನು ಕಿತ್ತುಹಾಕಿ, ಸೆಂಟರ್‌ನ ಬಾಲದ ಎರಡಕ್ಷರಗಳನ್ನು ಅದಲುಬದಲು ಮಾಡಿದ ರೂಪವನ್ನು ನೆಲೆಗೊಳಿಸಿದ. ಪುಣ್ಯಾತ್ಮ ಟಂಗ್ ಎನ್ನುವುದಕ್ಕೆ ಟಿ-ಯು-ಎನ್-ಜಿ ಸಾಕೆಂದೂ ಹೇಳಿದ್ದ. ಅದನ್ನು ಅವನ ದೇಶದವರೇ ಒಪ್ಪಲಿಲ್ಲ.

ಫೋನಿಗೆ ಬ್ರಿಟಿಷ್ ಇಂಗ್ಲಿಷ್ ಇಟ್ಟುಬಿಟ್ಟರೆ ಆಯಿತಲ್ಲ ಅಂದೆ. ಆಗಲ್ಲವಂತೆ. ಹಾಗಿಟ್ಟರೆ ಅಮೆರಿಕನ್ ಸೆಂಟರ್ ಕೆಳಗೆ ಕೆಂಪು ಗೆರೆ ಬರುತ್ತದೆ, ನಿಜ. ಆದರೆ ಪ್ರೋಗ್ರಾಂ ನುಸುಳಿಕೊಳ್ಳುತ್ತದೆ. ಯಾಕೆಂದರೆ ಕಂಪ್ಯೂಟರಿನ ಪ್ರೋಗ್ರಾಂಗೆ ಬ್ರಿಟಿಷರೂ ಗಿಡ್ಡ ರೂಪವನ್ನೇ ಬರೆಯುತ್ತಾರೆ. ಸಮಾರಂಭಕ್ಕಾದರೆ ಕೊನೆಗೆ ಇನ್ನೊಂದು ಎಂ, ಒಂದು ಇ ಬೇಕು. ನಾವು ಮಾಡಹೊರಟದ್ದು ಹಾಡು-ಕುಣಿತ ಎಂದು ಫೋನಿಗೇನು ಗೊತ್ತು? ಚೆಕ್ಕನ್ನು ಅಮೆರಿಕದವರಂತೆ ಸಿ-ಕೆಯಲ್ಲಿ ಮುಗಿಸಿದ್ದರೂ ಅದು ಸುಮ್ಮನಿರುತ್ತಿತ್ತು, ಪರೀಕ್ಷಿಸು ಎಂಬ ಅರ್ಥದ ಪದ ಹಾಗೇ ಇದೆಯಲ್ಲ. ಇಂಥವನ್ನು ಕಣ್ಣೇ ಹಿಡಿಯಬೇಕು.

ಆರ್ಗನೈಜ಼್‌ನ ಝಡ್ ತೆಗೆದು ಎಸ್ ಹಾಕು ಎಂದರು ಮೇಷ್ಟ್ರು. (ಎದುರು ಮನೆಯ ಹುಡುಗ ಅದನ್ನು ಝೀ ಅನ್ನುತ್ತಾನೆ. ಝೀ ಕನ್ನಡ ನೋಡಿ ಬೆಳೆದವನನ್ನು ಬೈಯುವುದು ಹೇಗೆ?) ಇಲ್ಲಿ ನಾನು ಸ್ವಲ್ಪ ತಲೆಹರಟೆ ಮಾಡಿದೆ: "ಆಕ್ಸ್‌ಫರ್ಡ್ ನಿಘಂಟಿನವರು ಇಂಗ್ಲೆಂಡಿನಲ್ಲಿದ್ದೂ ಝಡ್ಡೇ ಬರೆಯುತ್ತಾರಲ್ಲ ಸಾರ್? ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಹೆಸರಿನಲ್ಲಿ ಲೇಬರ್‌ಗೆ ಯು ಉಂಟು, ಆರ್ಗನೈಜ಼ೇಷನ್‌ಗೆ ಝಡ್ ಉಂಟು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಬರಿ, ಬೇಡ ಅನ್ನಲ್ಲ. ಆದರೆ ಆ ದಾರಿ ಹಿಡಿದವನು ಅನಲೈಸ್‌ಗೆ ಎಸ್ ಎಂದು ನೆನಪಿಟ್ಟುಕೊಳ್ಳಬೇಕು. ಅಡ್ವರ್ಟೈಸ್, ಸರ್‌ಪ್ರೈಸ್‌ಗಳಿಗೂ ಎಸ್ಸೇ. ಆಕ್ಸ್‌ಫರ್ಡಿನ ಝಡ್ ಗ್ರೀಕ್ ಮೂಲದ ಪ್ರತ್ಯಯಕ್ಕೆ ಮಾತ್ರ. ನಿನ್ನಂಥವನು ಎಸ್ ಹಾಕಿಕೊಂಡರೆ ಮಂಡೆಬಿಸಿ ಕಡಿಮೆ." ನಿನ್ನಂಥವನು ಅಂದದ್ದು ಚುಚ್ಚಿತು. ಎಸ್ ಹಾಕಿದೆ.

ಸೆಂಟರ್ ತಿದ್ದಲು ಹೋದಾಗ ಹುಡುಗ ಓಡಿಬಂದ. ಭವನದ ಬಾಗಿಲ ಮೇಲೆ ಬಿಲ್ಡರ್ ಕೂರಿಸಿರುವ ಉಕ್ಕಿನ ಅಕ್ಷರಗಳು ಅಮೆರಿಕನ್ ಕ್ರಮದಲ್ಲೇ ಇವೆಯಂತೆ. ಹೆಸರಾದರೆ ಮುಟ್ಟಬಾರದು, ಪರ್ಲ್ ಹಾರ್ಬರ್‌ಗೆ ಯಾರೂ ಯು ತೊಡಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ದುಡಿಮೆಯ ಲೇಬರ್‌ಗೆ ಯು ಇದೆ, 1912ರಿಂದ ಅಲ್ಲಿನ ಲೇಬರ್ ಪಕ್ಷದ ಹೆಸರಿನಲ್ಲಿ ಮಾತ್ರ ಇಲ್ಲ. ಆದರೆ ನಮ್ಮ ಸಂದೇಶದಲ್ಲಿ ಸೆಂಟರ್ ಚಿಕ್ಕ ಅಕ್ಷರದಲ್ಲಿತ್ತು, ಹೆಸರಾಗಿ ಬಂದಿರಲಿಲ್ಲ, ಆದ್ದರಿಂದ ತಿದ್ದಿದೆವು. ಪ್ರೋಗ್ರಾಂಗೆ ಬಾಲ ಸೇರಿಸಿದೆವು. ಒಟ್ಟು ಮೂರು ತಿದ್ದುಪಡಿ, ಒಂದೂವರೆ ಗಂಟೆ, ಎರಡು ಲೋಟ ಕಾಫಿ.

ಕ್ಯೂ-ಯು-ಇ ಸಮೇತ ಅಷ್ಟು ಜೋಪಾನವಾಗಿ ಉಳಿಸಿಕೊಂಡ ಚೆಕ್ಕನ್ನು ಒಬ್ಬರೂ ಕೊಡಲಿಲ್ಲ. ಎಲ್ಲರೂ ಯುಪಿಐ ಮಾಡಿದರು.